ಪಿನ್ ಎಲ್ಲರೂ ಸೇವ್ ಮಾಡ್ತಾರೆ, ಸೈಟಿಗೆ ಯಾಕೆ ಬರಲ್ಲ?

ಪ್ರಶ್ನೆ: ಪರದೆ, ಕುಶನ್ ಕವರ್, ನೆಲಹಾಸು ಮಾರುವ ಸಣ್ಣ ಆನ್‌ಲೈನ್ ಅಂಗಡಿ ನನ್ನದು. ಪಿಂಟರೆಸ್ಟ್‌ನಲ್ಲಿ ದಿನಾ ಪಿನ್ ಹಾಕ್ತೀನಿ. ನೋಡುವವರು, ಸೇವ್ ಮಾಡುವವರು ಬೇಕಾದಷ್ಟು ಇದ್ದಾರೆ. ವೆಬ್‌ಸೈಟಿಗೆ ಬರುವವರು ಮಾತ್ರ ಬೆರಳೆಣಿಕೆ, ಅದೂ ಒಂದು ವಾರ ಬಂದರೆ ಇನ್ನೊಂದು ವಾರ ಇಲ್ಲ. ಬೋರ್ಡ್ ತಪ್ಪಾ, ಪಿನ್ ತಪ್ಪಾ, ಏನು ಬದಲಾಯಿಸಬೇಕು?

ಉತ್ತರ:

ಸೇವ್ ಬರುತ್ತಿದೆ ಅಂದರೆ ನಿಮ್ಮ ಚಿತ್ರ ಸರಿಯಾದ ಜನರನ್ನೇ ತಲುಪುತ್ತಿದೆ. ಹಾಗಾಗಿ ಹೊಸ ಫೋಟೋ ಶೂಟ್, ದಿನಕ್ಕೆ ಇನ್ನೂ ಹತ್ತು ಪಿನ್, ಇವನ್ನೆಲ್ಲ ಸದ್ಯಕ್ಕೆ ಬಿಡಿ. ನನಗೆ ಅನುಮಾನ ಇರುವುದು ಎರಡು ಕಡೆ. ಒಂದು, ಪಿನ್ ತಾನೇ ಎಲ್ಲವನ್ನೂ ಹೇಳಿ ಮುಗಿಸಿಬಿಡುತ್ತಿದೆ, ಒಳಗೆ ಬರಲು ಕಾರಣ ಉಳಿದಿಲ್ಲ. ಇನ್ನೊಂದು, ಅದರ ಹಿಂದಿರುವ ಲಿಂಕ್ ತಪ್ಪು ಪುಟಕ್ಕೆ ಹೋಗುತ್ತಿದೆ. ಬೋರ್ಡ್ ಕೂಡ ಮುಖ್ಯವೇ, ಆದರೆ ಬೋರ್ಡ್ ತಾನಾಗಿ ಕ್ಲಿಕ್ ತರುವುದಿಲ್ಲ. ಕ್ಲಿಕ್ ಮಾಡಬಹುದಾದ ಜನರ ಮುಂದೆ ಪಿನ್ ತಂದು ಇಡುವುದಷ್ಟೇ ಅದರ ಕೆಲಸ.

ಊಹೆ ಬೇಡ, ಅನಾಲಿಟಿಕ್ಸ್ ತೆರೆಯಿರಿ. ಬಿಸಿನೆಸ್ ಅಕೌಂಟ್ ಆಗಿದ್ದರೆ ಅದು ಸಿಗುತ್ತದೆ, ಆಗಿರದಿದ್ದರೆ ಇವತ್ತೇ ಬದಲಾಯಿಸಿ, ಹಣ ಕೊಡಬೇಕಿಲ್ಲ. ಕಳೆದ 90 ದಿನಗಳ ಪಿನ್‌ಗಳನ್ನು ಒಂದೊಂದಾಗಿ ನೋಡಿ. ಅಲ್ಲಿ ಇಂಪ್ರೆಷನ್, ಸೇವ್, ಪಿನ್ ಕ್ಲಿಕ್, ಔಟ್‌ಬೌಂಡ್ ಕ್ಲಿಕ್ ಅಂತ ನಾಲ್ಕು ಅಂಕಿ ಇರುತ್ತವೆ. ಇಂಪ್ರೆಷನ್ ಅಂದರೆ ಪಿನ್ ಪರದೆಯ ಮೇಲೆ ಎಷ್ಟು ಸಲ ಕಂಡಿತು ಅನ್ನುವ ಲೆಕ್ಕ. ಇವುಗಳಲ್ಲಿ ಪಿನ್ ಕ್ಲಿಕ್ ನೋಡಿ ತುಂಬ ಜನ ಮೋಸಹೋಗುತ್ತಾರೆ. ಪಿನ್ ಒತ್ತಿ ದೊಡ್ಡದಾಗಿ ನೋಡಿ ಹಾಗೇ ಮುಂದೆ ಹೋದವರೂ ಅದರಲ್ಲಿ ಸೇರುತ್ತಾರೆ. ನಿಮ್ಮ ಸೈಟಿಗೆ ಹೊರಟವರ ಲೆಕ್ಕ ಔಟ್‌ಬೌಂಡ್ ಕ್ಲಿಕ್ ಮಾತ್ರ.

ಇಂಪ್ರೆಷನ್ನೇ ಕಡಿಮೆ ಇದ್ದರೆ ಈ ಪಿನ್ ಯಾವ ವಿಷಯದ್ದು ಅಂತ ಪಿಂಟರೆಸ್ಟ್‌ಗೆ ಅರ್ಥವಾಗಿಲ್ಲ, ಅಥವಾ ಆ ವಿಷಯ ಹುಡುಕುವವರೇ ಕಡಿಮೆ. ಅಲ್ಲಿ ಬೋರ್ಡ್ ಮತ್ತು ಪದಗಳನ್ನು ನೋಡಬೇಕು. ಇಂಪ್ರೆಷನ್ ಇದೆ, ಸೇವ್ ಇದೆ, ಔಟ್‌ಬೌಂಡ್ ಇಲ್ಲ ಅಂದರೆ ತೊಂದರೆ ಪಿನ್‌ನ ಒಳಗಿದೆ. ಔಟ್‌ಬೌಂಡ್ ಚೆನ್ನಾಗಿದೆ, ಆದರೆ ಬಂದವರು ತಕ್ಷಣ ವಾಪಸ್ ಹೋಗುತ್ತಿದ್ದಾರೆ ಅಂದರೆ ತೊಂದರೆ ನಿಮ್ಮ ಪುಟದಲ್ಲಿದೆ. ನೀವು ಹೇಳಿದ್ದು ನೋಡಿದರೆ ಎರಡನೆಯದೇ ನಿಮ್ಮ ಕಥೆ. ಅದರ ಜೊತೆಗೆ ಮೂರನೆಯದೂ ಸ್ವಲ್ಪ ಇರಬಹುದು.

ಈಗ ಜನ ಯಾಕೆ ಸೇವ್ ಮಾಡಿ ಸುಮ್ಮನಾಗುತ್ತಾರೆ ನೋಡೋಣ. ಪಿಂಟರೆಸ್ಟ್‌ಗೆ ಬರುವವರಲ್ಲಿ ಹೆಚ್ಚಿನವರು ಅವತ್ತೇ ಪರದೆ ಕೊಳ್ಳಲು ಬಂದವರಲ್ಲ. ಅವರು ಒಂದು ಕೋಣೆಯನ್ನು ಮನಸ್ಸಿನಲ್ಲಿ ಕಟ್ಟುತ್ತಿರುತ್ತಾರೆ. ಈ ಗೋಡೆಗೆ ಯಾವ ಬಣ್ಣ, ಈ ಸೋಫಾದ ಕೆಳಗೆ ಎಂಥ ಹಾಸು ಅಂತ ಹುಡುಕುತ್ತಿರುತ್ತಾರೆ. ಸುಂದರವಾದ ಕೋಣೆಯ ಚಿತ್ರ ಕಂಡಿತು, "ಹೀಗೆ ಇರಬೇಕು" ಅನ್ನಿಸಿತು, ಸೇವ್ ಮಾಡಿದರು, ಅಲ್ಲಿಗೆ ಮುಗಿಯಿತು. ಆ ಚಿತ್ರದಿಂದ ಅವರಿಗೆ ಬೇಕಾದದ್ದು ಸಿಕ್ಕಿಯಾಯಿತು, ಅಲ್ವಾ? ಲಿಂಕ್ ಒತ್ತುವುದು ಯಾವಾಗ ಅಂದರೆ, ಚಿತ್ರ ನೋಡಿದ ಮೇಲೂ ತಮ್ಮ ಮನೆಗೆ ಸಂಬಂಧಪಟ್ಟ ಒಂದು ಪ್ರಶ್ನೆ ಉಳಿದಾಗ. ನನ್ನ ಕಿಟಕಿಗೆ ಎಷ್ಟು ಉದ್ದ ಬೇಕು? ಈ ಬಟ್ಟೆ ಎಷ್ಟು ಬೆಳಕು ಒಳಗೆ ಬಿಡುತ್ತದೆ? ನನ್ನ ಬೂದು ಸೋಫಾಗೆ ಈ ಬಣ್ಣ ಹೊಂದುತ್ತದಾ? ಹೀಗೆ.

ಇನ್ನೊಂದು ತುದಿಯಲ್ಲಿ, ಎಲ್ಲ ಮಾಹಿತಿಯನ್ನೂ ಚಿತ್ರದ ಮೇಲೇ ಬರೆದ ಉದ್ದನೆಯ ಪಿನ್‌ಗಳಿವೆ. ಅಳತೆಯ ಪಟ್ಟಿ, ಬಾಣದ ಗುರುತು, ಹತ್ತು ಸಲಹೆ. ಇವಕ್ಕೆ ಸೇವ್ ಸುರಿಯುತ್ತದೆ, ಕ್ಲಿಕ್ ಬಹಳ ಕಡಿಮೆ. ಓದಿಯಾಯಿತು, ಇನ್ನು ಒಳಗೆ ಏನಿದೆ? ಹಾಗಂತ ಈ ಪಿನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸೇವ್ ಜಾಸ್ತಿ ಆದಷ್ಟೂ ಪಿನ್ ಹೊಸಬರ ಕಣ್ಣಿಗೆ ಬೀಳುತ್ತಾ ಹೋಗುತ್ತದೆ. ಆದರೆ ನಿಮ್ಮ ಹತ್ತು ಪಿನ್‌ಗಳಲ್ಲಿ ಎಂಟು ಹೀಗಿದ್ದರೆ ಈಗ ಆಗುತ್ತಿರುವುದೇ ಮುಂದೆಯೂ ಆಗುತ್ತದೆ.

ಒಂದು ಸಾಮಾನು ತೆಗೆದುಕೊಂಡು ಇಡೀ ಕೆಲಸ ಹೇಗೆ ನಡೆಯಬೇಕು ಅಂತ ಹೇಳುತ್ತೇನೆ. ತಿಳಿ ಬಣ್ಣದ ಲಿನನ್ ಪರದೆ ಅಂದುಕೊಳ್ಳಿ, ಒಂದೊಂದು 90 ಸೆಂ.ಮೀ. ಅಗಲ, ಮೂರು ಉದ್ದಗಳಲ್ಲಿ ಸಿಗುತ್ತದೆ. ಈಗ ನೀವು ಮಾಡುತ್ತಿರುವುದು ಬಹುಶಃ ಇಷ್ಟು: ಬಿಳಿ ಹಿನ್ನೆಲೆಯ ಒಂದು ಫೋಟೋ, ಕೋಣೆಯ ಒಂದು ಫೋಟೋ, ಎರಡಕ್ಕೂ ಸಾಮಾನಿನ ಪುಟದ ಲಿಂಕ್, ಇಲ್ಲವೇ ಸೈಟಿನ ಮೊದಲ ಪುಟದ ಲಿಂಕ್.

ಬದಲಿಗೆ ಮೊದಲು ಕೊಳ್ಳುವವರ ತೊಡಕು ಏನು ಅಂತ ಹುಡುಕಿ. ಪರದೆ ಕೊಳ್ಳುವವರಿಗೆ ಬಣ್ಣಕ್ಕಿಂತ ಜಾಸ್ತಿ ತಲೆಬಿಸಿ ಅಳತೆಯದ್ದು. ತುಂಬ ಜನ ಕಿಟಕಿಯ ಅಗಲಕ್ಕೆ ಸರಿಯಾಗಿ ಎರಡು ಪರದೆ ತರಿಸಿಕೊಂಡು, ಹಾಕಿದ ಮೇಲೆ ಬೋಳು ಬೋಳಾಗಿ ಕಾಣುತ್ತದೆ ಅಂತ ವಾಪಸ್ ಕಳಿಸುತ್ತಾರೆ. ಲೆಕ್ಕ ಹೀಗಿದೆ. ಕಿಟಕಿ 140 ಸೆಂ.ಮೀ. ಅಗಲ ಇದ್ದರೆ ಪರದೆಯ ರಾಡ್ ಎರಡೂ ಬದಿಗೆ ಸುಮಾರು 20 ಸೆಂ.ಮೀ. ಮುಂದೆ ಚಾಚಿರಬೇಕು, ಅಂದರೆ 180. ನೆರಿಗೆ ತುಂಬಿಕೊಂಡು ಕಾಣಬೇಕಾದರೆ ಬಟ್ಟೆಯ ಒಟ್ಟು ಅಗಲ ರಾಡ್‌ನ ಎರಡರಷ್ಟು, ಅಂದರೆ 360. ನಿಮ್ಮ ಪರದೆ 90 ಇದ್ದರೆ ನಾಲ್ಕು ಬೇಕು, ಎಡಕ್ಕೆ ಎರಡು, ಬಲಕ್ಕೆ ಎರಡು. ಇನ್ನು ರಾಡ್ ಅನ್ನು ಕಿಟಕಿಯ ಚೌಕಟ್ಟಿಗಿಂತ 10ರಿಂದ 15 ಸೆಂ.ಮೀ. ಮೇಲೆ ಹಾಕಿದರೆ ಕೋಣೆ ಎತ್ತರವಾಗಿ ಕಾಣುತ್ತದೆ, ಆದರೆ ಹಾಗೆ ಹಾಕಿದರೆ ಪರದೆಯ ಉದ್ದವೂ ಬದಲಾಗುತ್ತದೆ. ನೋಡಿ, ಇಷ್ಟರಲ್ಲೇ ಎಷ್ಟು ಪ್ರಶ್ನೆ ಹುಟ್ಟಿದವು.

ಈಗ ಪಿನ್ ಮಾಡಿ. ಒಂದೇ ಕಿಟಕಿಯ ಎರಡು ಫೋಟೋ ಮೇಲೆ ಕೆಳಗೆ ಇಡಿ. ಒಂದರಲ್ಲಿ ಎರಡೇ ಪರದೆ, ಇನ್ನೊಂದರಲ್ಲಿ ನಾಲ್ಕು. ಮೇಲೆ ಒಂದೇ ಸಾಲು: "ನಿಮ್ಮ ಕಿಟಕಿಗೆ ಎಷ್ಟು ಪರದೆ ಬೇಕು?" ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಆದರೆ ಅವರವರ ಕಿಟಕಿಯ ಉತ್ತರ ಚಿತ್ರದಲ್ಲಿಲ್ಲ. ಇದು ಮುಚ್ಚಿಟ್ಟು ಕಾಡಿಸುವುದಲ್ಲ. ಒಬ್ಬೊಬ್ಬರ ಕಿಟಕಿ ಒಂದೊಂದು ಅಳತೆ, ಉತ್ತರ ನಿಜವಾಗಿಯೂ ಒಂದು ಚಿತ್ರದಲ್ಲಿ ಹಿಡಿಸುವುದಿಲ್ಲ. ಪಿನ್‌ನಲ್ಲಿ ಕೊಟ್ಟ ಮಾತನ್ನು ಪುಟ ಉಳಿಸಿಕೊಳ್ಳಬೇಕು, ಅದು ಮುಖ್ಯ. ಒತ್ತಿ ಬಂದವರಿಗೆ ಉತ್ತರ ಸಿಗದೆ ಬರೀ ಸಾಮಾನಿನ ಪಟ್ಟಿ ಕಂಡರೆ ಅವರು ಮತ್ತೆ ಬರುವುದಿಲ್ಲ.

ಎರಡನೇ ಪಿನ್, ಅದೇ ಬಟ್ಟೆಯನ್ನು ಹತ್ತಿರದಿಂದ, ಹಿಂದಿನಿಂದ ಬೆಳಕು ಬೀಳುವಾಗ ತೆಗೆದದ್ದು. ಲಿನನ್ ಕೊಳ್ಳುವವರಿಗೆ ಹೊರಗಿನವರಿಗೆ ಒಳಗೆ ಕಾಣುತ್ತದಾ ಅನ್ನುವ ಭಯ ಯಾವಾಗಲೂ ಇರುತ್ತದೆ. ಸಾಲು: "ಹಗಲು ಹೀಗೆ. ರಾತ್ರಿ ದೀಪ ಹಾಕಿದಾಗ?" ಇದರ ಲಿಂಕ್ ಹೋಗಬೇಕಾದದ್ದು, ಹಗಲು ಮತ್ತು ರಾತ್ರಿಯ ಫೋಟೋ ಎರಡೂ ಇರುವ, ಲೈನಿಂಗ್ ಇರುವ ಪರದೆಯೂ ಇಲ್ಲದ ಪರದೆಯೂ ಪಕ್ಕಪಕ್ಕ ಇರುವ ಪುಟಕ್ಕೆ. ಮೂರನೆಯದು, ಒಂದೇ ಸೋಫಾ, ಒಂದೇ ಕೋಣೆ, ಪರದೆಯ ಬಣ್ಣ ಮಾತ್ರ ಮೂರು ಬಗೆ. ಇದನ್ನು ನೋಡಿದವರು ತಮ್ಮ ಬಣ್ಣ ಹುಡುಕಲು ಒಳಗೆ ಬರುತ್ತಾರೆ. ನಾಲ್ಕನೆಯದು ಸುಮ್ನೆ ಚೆಂದದ ಕೋಣೆ. ಇದು ಸೇವ್‌ಗಾಗಿ, ಇರಲಿ.

ಚಿತ್ರ ಉದ್ದುದ್ದ ಇರಲಿ, 2:3 ಅಳತೆ, 1000 × 1500 ಪಿಕ್ಸೆಲ್. ಬಹುಪಾಲು ಜನ ಫೋನಿನಲ್ಲಿ ನೋಡುತ್ತಾರೆ, ಆದ್ದರಿಂದ ಚಿತ್ರದ ಮೇಲಿನ ಅಕ್ಷರವನ್ನು ನಿಮ್ಮದೇ ಫೋನಿನಲ್ಲಿ, ಎರಡು ಸಾಲಾಗಿ ಪಿನ್‌ಗಳು ಬರುವ ಪುಟದಲ್ಲಿ, ಓದಲು ಆಗುತ್ತದಾ ನೋಡಿ. ಅಲ್ಲಿ ಓದಲು ಆಗದಿದ್ದರೆ ಅದು ಇಲ್ಲದ ಹಾಗೆಯೇ. ಬಿಳಿ ಹಿನ್ನೆಲೆಯ ಫೋಟೋ ಎಸೆಯಬೇಡಿ, ಅದರ ಜಾಗ ಕ್ಯಾಟಲಾಗ್‌ನಲ್ಲಿದೆ, ಅದನ್ನು ಮುಂದೆ ಹೇಳುತ್ತೇನೆ.

ಪುಟದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಮನೆ ಅಲಂಕಾರದ ಸಾಮಾನು ಮಾರುವವರು ಹೆಚ್ಚಿನ ಪಿನ್‌ಗಳನ್ನು ಒಂದೊಂದೇ ಸಾಮಾನಿನ ಪುಟಕ್ಕೆ ಕಳಿಸಬಾರದು. ಕಾರಣ ಸರಳ. ಒಳ್ಳೆಯ ಪಿನ್ ಒಂದು ವರ್ಷ, ಎರಡು ವರ್ಷ ಆದರೂ ಜನರನ್ನು ಕಳಿಸುತ್ತಿರುತ್ತದೆ. ನಿಮ್ಮ ಹಸಿರು ಹೂವಿನ ಕುಶನ್ ಕವರ್ ಮೂರು ತಿಂಗಳಲ್ಲಿ ಖಾಲಿ. ಆಮೇಲೆ ಆ ಪುಟ ತೆಗೆದುಹಾಕುತ್ತೀರಿ. ಪಿನ್ ಮಾತ್ರ ಊರೂರು ಸುತ್ತುತ್ತಾ ಜನರನ್ನು ಸತ್ತ ಪುಟಕ್ಕೆ ತಂದು ಬಿಡುತ್ತಿರುತ್ತದೆ. "ಒಂದು ವಾರ ಬಂದರೆ ಇನ್ನೊಂದು ವಾರ ಇಲ್ಲ" ಅಂದಿರಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬಹುದು. ಜಾಸ್ತಿ ಓಡಿದ ಹಳೇ ಪಿನ್‌ಗಳನ್ನು ನೀವೇ ಒತ್ತಿ ನೋಡಿ. ಎಷ್ಟು ಲಿಂಕ್ ಬದುಕಿವೆ ಅಂತ ಗೊತ್ತಾಗುತ್ತದೆ.

ಹಾಗಾಗಿ ಪಿನ್‌ಗೆ ಬೇಕಾದದ್ದು ಬಾಳಿಕೆ ಬರುವ ಪುಟ. ಪರದೆಯ ಉದಾಹರಣೆಯಲ್ಲಿ "ಕಿಟಕಿಗೆ ಪರದೆ ಅಳತೆ" ಅಂತ ಒಂದು ಪುಟ ಮಾಡಿ. ತೆರೆದ ಕೂಡಲೇ ಮೇಲೆ, ಪಿನ್‌ನಲ್ಲಿದ್ದ ಅದೇ ಚಿತ್ರ ಕಾಣಬೇಕು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಬಂದವರು ಒಂದೆರಡು ಕ್ಷಣದಲ್ಲಿ "ನಾನು ಒತ್ತಿದ್ದು ಇದನ್ನೇನಾ" ಅಂತ ತೀರ್ಮಾನಿಸುತ್ತಾರೆ. ಬೇರೆ ಚಿತ್ರ ಕಂಡರೆ, ಅಥವಾ ಮೊದಲು ಇಮೇಲ್ ಕೇಳುವ ಡಬ್ಬಿ ಎದ್ದು ನಿಂತರೆ, ಹೋದರು ಅಂತಲೇ ಲೆಕ್ಕ. ಚಿತ್ರದ ಕೆಳಗೆ ಮೇಲೆ ಹೇಳಿದ ಲೆಕ್ಕ, 100, 120, 140, 180 ಸೆಂ.ಮೀ. ಕಿಟಕಿಗಳಿಗೆ ಎಷ್ಟೆಷ್ಟು ಪರದೆ ಅಂತ ಸಣ್ಣ ಪಟ್ಟಿ. ಅದರ ಕೆಳಗೆ ನಿಮ್ಮ ಹತ್ತಿರ ಈಗ ಸಿಗುವ ಪರದೆಗಳು, ಉದ್ದದ ಪ್ರಕಾರ ಜೋಡಿಸಿ. ಪರದೆಗಳು ಬದಲಾಗುತ್ತಿರಲಿ, ಪುಟದ ವಿಳಾಸ ಬದಲಾಗುವುದಿಲ್ಲ. ಪಿನ್ ಎಷ್ಟು ವರ್ಷ ಓಡಿದರೂ ಬಂದವರಿಗೆ ಕೊಳ್ಳಲು ಏನಾದರೂ ಇರುತ್ತದೆ.

ನೆಲಹಾಸಿಗೂ ಹೀಗೇ ಒಂದು ಪುಟ ಆಗುತ್ತದೆ. ಸೋಫಾದ ಮುಂದಿನ ಕಾಲುಗಳಾದರೂ ಹಾಸಿನ ಮೇಲೆ ಬರುವಷ್ಟು ದೊಡ್ಡದಿರಬೇಕು ಅನ್ನುವುದು ಅಲಂಕಾರ ಮಾಡುವವರ ಸಾಮಾನ್ಯ ನಿಯಮ, ಅದಕ್ಕೆ ಎಷ್ಟು ದೊಡ್ಡ ಹಾಸು ಬೇಕು ಅನ್ನುವುದು ಪ್ರಶ್ನೆ. ಕುಶನ್‌ಗೆ, ಕವರ್‌ಗಿಂತ ಸುಮಾರು 5 ಸೆಂ.ಮೀ. ದೊಡ್ಡ ದಿಂಬು ತುಂಬಿದರೆ ಗುಂಡಗೆ ನಿಲ್ಲುತ್ತದೆ, 45ರ ಕವರ್‌ಗೆ 50ರ ದಿಂಬು. ಮೂರು ಬಗೆ ಸಾಮಾನಿಗೆ ಇಂಥ ಮೂರು ಪುಟ ಇದ್ದರೆ ಶುರುವಿಗೆ ಸಾಕು.

ಈಗಾಗಲೇ ಸತ್ತಿರುವ ಲಿಂಕ್‌ಗಳಿಗೆ ಸೈಟಿನಲ್ಲೇ 301 ರೀಡೈರೆಕ್ಟ್ ಹಾಕಿಸಿ. ಖಾಲಿಯಾದ ಹಸಿರು ಕುಶನ್ ಕವರ್‌ನ ಹಳೇ ವಿಳಾಸ ಒತ್ತಿದವರು ಹಸಿರು ಕುಶನ್‌ಗಳ ಪುಟಕ್ಕೆ ಬರಲಿ, ಮೊದಲ ಪುಟಕ್ಕಲ್ಲ. ಪಿನ್‌ಗಳನ್ನು ಒಂದೊಂದಾಗಿ ತಿದ್ದಲು ಹೋಗಬೇಡಿ. ಬೇರೆಯವರು ತಮ್ಮ ಬೋರ್ಡ್‌ಗೆ ಸೇವ್ ಮಾಡಿಕೊಂಡದ್ದು, ನಿಮ್ಮ ಸೈಟಿನಿಂದ ನೇರವಾಗಿ ಪಿನ್ ಮಾಡಿದ್ದು, ಇವೆಲ್ಲ ನಿಮ್ಮ ಕೈಯಲ್ಲಿಲ್ಲ. ರೀಡೈರೆಕ್ಟ್ ಹಾಕಿದರೆ ಎಲ್ಲವೂ ಒಟ್ಟಿಗೆ ಸರಿಹೋಗುತ್ತವೆ. ಇನ್ನೊಂದು, ಲಿಂಕ್ ಚಿಕ್ಕದು ಮಾಡುವ ಸೇವೆಗಳನ್ನು ಪಿನ್‌ನಲ್ಲಿ ಬಳಸಬೇಡಿ. ಅವನ್ನು ಸ್ಪ್ಯಾಮ್ ಅಂತ ತಡೆಯುವ ಸಾಧ್ಯತೆ ಇದೆ, ಒತ್ತುವವರಿಗೂ ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಕಾಣುವುದಿಲ್ಲ.

ಇನ್ನು ಬೋರ್ಡ್. "ನಮ್ಮ ಕಲೆಕ್ಷನ್", "ಹೊಸತು", "ಬೆಸ್ಟ್ ಸೆಲ್ಲರ್" ಅನ್ನುವಂಥ ಬೋರ್ಡ್ ನಿಮ್ಮಲ್ಲಿದ್ದರೆ ಅವುಗಳಿಂದ ಪಿಂಟರೆಸ್ಟ್‌ಗೆ ಏನೂ ತಿಳಿಯುವುದಿಲ್ಲ. ಯಾರೂ "ಬೆಸ್ಟ್ ಸೆಲ್ಲರ್" ಅಂತ ಹುಡುಕುವುದೂ ಇಲ್ಲ. ಬೋರ್ಡ್ ಬರೀ ಕಡತ ಅಂತ ಅಂದುಕೊಳ್ಳಬೇಡಿ. 2018ರಲ್ಲಿ ಪಿಂಟರೆಸ್ಟ್‌ನ ಎಂಜಿನಿಯರ್‌ಗಳು ಪಿನ್‌ಸೇಜ್ ಅನ್ನುವ ಶಿಫಾರಸು ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಪಿನ್‌ಗಳು ಮತ್ತು ಬೋರ್ಡ್‌ಗಳು ಸೇರಿ 300 ಕೋಟಿ ಬಿಂದುಗಳು, ಯಾವ ಪಿನ್ ಯಾವ ಬೋರ್ಡ್‌ನಲ್ಲಿದೆ ಅನ್ನುವ 1800 ಕೋಟಿ ಕೊಂಡಿಗಳು, ಇಷ್ಟು ದೊಡ್ಡ ಜಾಲದ ಮೇಲೆ ಅದು ಕೆಲಸ ಮಾಡುತ್ತಿತ್ತು. ಅದರ ಹಿಂದಿನ ಯೋಚನೆ ಇಷ್ಟೇ: ಒಂದು ಪಿನ್ ಏನು ಅಂತ ತಿಳಿಯಲು ಅದರ ಚಿತ್ರ, ಬರಹದ ಜೊತೆಗೆ ಅದು ಯಾವ ಬೋರ್ಡ್‌ಗಳಲ್ಲಿ, ಯಾವ ಪಿನ್‌ಗಳ ಪಕ್ಕ ಇದೆ ಅಂತಲೂ ನೋಡು. ಅಂದಿನಿಂದ ಒಳಗೆ ಬೇಕಾದಷ್ಟು ಬದಲಾಗಿದೆ, ಆದರೆ ನಿಮಗೆ ಬೇಕಾದ ಪಾಠ ಅಷ್ಟರಲ್ಲೇ ಇದೆ. ಪರದೆ, ಹಾಸು, ಸ್ಟೂಲು, ರಿಯಾಯಿತಿ ಜಾಹೀರಾತು ಎಲ್ಲ ಒಂದೇ ಬೋರ್ಡ್‌ನಲ್ಲಿ ಕಲಸಿಹಾಕಿದರೆ ಪಿನ್‌ನ ನೆರೆಹೊರೆ ಗೋಜಲಾಗುತ್ತದೆ.

ಬೋರ್ಡ್ ಹೆಸರನ್ನು ಜನ ಹುಡುಕುವ ಮಾತಿನಲ್ಲೇ ಇಡಿ. ಅದನ್ನು ಕಂಡುಹಿಡಿಯುವುದು ಸುಲಭ. ಪಿಂಟರೆಸ್ಟ್‌ನ ಹುಡುಕು ಪಟ್ಟಿಯಲ್ಲಿ "ಲಿನನ್ ಪರದೆ" ಅಂತ ನಿಮ್ಮ ಗಿರಾಕಿ ಟೈಪ್ ಮಾಡುವ ಭಾಷೆಯಲ್ಲೇ ಹೊಡೆಯಿರಿ, ಅದು ಮುಂದಿನ ಪದಗಳನ್ನು ತಾನೇ ತೋರಿಸುತ್ತದೆ: ಬೆಡ್‌ರೂಮ್, ಲಿವಿಂಗ್ ರೂಮ್, ಚಿಕ್ಕ ಕಿಟಕಿ, ಬಿಳಿ ಗೋಡೆ. ಜನ ನಿಜವಾಗಿ ಹುಡುಕುವುದು ಅವನ್ನೇ. ನೀವು ಇಟ್ಟಿರುವ ಚೆಂದದ ಕಲೆಕ್ಷನ್ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಅದನ್ನು ನಿಮ್ಮ ಸೈಟಿನಲ್ಲಿ ಇಟ್ಟುಕೊಳ್ಳಿ. ನಮ್ಮ ಪರದೆಗೆ ಮೂರು ಬೋರ್ಡ್ ಸಾಕು: "ಲಿವಿಂಗ್ ರೂಮ್ ಲಿನನ್ ಪರದೆಗಳು", "ಚಿಕ್ಕ ಬೆಡ್‌ರೂಮ್‌ಗೆ ಪರದೆ", "ಪರದೆ ಅಳತೆ ಮತ್ತು ಹಾಕುವ ವಿಧಾನ". ಪ್ರತಿ ಬೋರ್ಡ್‌ಗೂ ಎರಡು ಮೂರು ವಾಕ್ಯದ ವಿವರಣೆ ಬರೆಯಿರಿ, ಮಾತಾಡುವ ಹಾಗೆ, ಪದಗಳನ್ನು ಅಲ್ಪವಿರಾಮ ಹಾಕಿ ಪೇರಿಸಬೇಡಿ.

ಹೊಸ ಪಿನ್ ಹಾಕುವಾಗ ಅದಕ್ಕೆ ತೀರಾ ಹತ್ತಿರದ ಬೋರ್ಡ್‌ಗೆ ಮೊದಲು ಹಾಕಿ. ರಾಡ್, ಅಳತೆಯ ಪಿನ್ ಅಳತೆಯ ಬೋರ್ಡ್‌ಗೆ. ಆಮೇಲೆ ಕೆಲವು ದಿನ ಬಿಟ್ಟು, ನಿಜವಾಗಿ ಹೊಂದುವುದಾದರೆ ಮಾತ್ರ, ಇನ್ನೊಂದು ಬೋರ್ಡ್‌ಗೆ ಸೇರಿಸಿ. ಒಂದೇ ಚಿತ್ರವನ್ನು ಒಂದೇ ದಿನ ಹತ್ತು ಬೋರ್ಡ್‌ಗೆ ತುರುಕುವುದು ಸ್ಪ್ಯಾಮ್ ಥರ ಕಾಣುತ್ತದೆ, ನೋಡುವವರಿಗೂ, ವ್ಯವಸ್ಥೆಗೂ. ಹೊಸದು ಬೇಕಾದರೆ ಅದೇ ಪುಟಕ್ಕೆ ಹೊಸ ಚಿತ್ರ ಮಾಡಿ. ಒಂದು ಪುಟಕ್ಕೆ ಐದಾರು ಬೇರೆಬೇರೆ ಚಿತ್ರದ ಪಿನ್ ಇದ್ದರೆ ತಪ್ಪೇನಿಲ್ಲ, ಬೇಕಾದದ್ದೇ ಅದು. ಬೋರ್ಡ್‌ನಲ್ಲಿ ಬರೀ ನಿಮ್ಮ ಸಾಮಾನೇ ಇರಬೇಕೆಂದೂ ಇಲ್ಲ. ನಿಮ್ಮ ಪರದೆಗೆ ಹೊಂದುವ ಗೋಡೆ ಬಣ್ಣದ, ಸೋಫಾದ ಬೇರೆಯವರ ಪಿನ್‌ಗಳು ಕೆಲವು ಇರಲಿ, ಕೋಣೆ ಪೂರ್ತಿಯಾಗುತ್ತದೆ. ಆದರೆ ನೆನಪಿರಲಿ, ಆ ಪಿನ್‌ಗಳ ಕ್ಲಿಕ್ ಅವರ ಸೈಟಿಗೆ.

ಪಿನ್‌ನ ಶೀರ್ಷಿಕೆಗೆ 100 ಅಕ್ಷರ ಜಾಗ ಇದೆ, ಆದರೆ ಪಟ್ಟಿಯಲ್ಲಿ ಮೊದಲಿನ ಸ್ವಲ್ಪ ಮಾತ್ರ ಕಾಣುತ್ತದೆ. ಹಾಗಾಗಿ ಹುಡುಕುವ ಪದ ಮುಂದೆ ಬರಲಿ: "ಲಿನನ್ ಪರದೆ: ನಿಮ್ಮ ಕಿಟಕಿಗೆ ಎಷ್ಟು ಬೇಕು". ವಿವರಣೆಯಲ್ಲಿ ಒತ್ತಿದರೆ ಏನು ಸಿಗುತ್ತದೆ ಅಂತ ನೇರವಾಗಿ ಹೇಳಿ. "ನಾಲ್ಕು ಅಳತೆಯ ಕಿಟಕಿಗಳಿಗೆ ರಾಡ್ ಎಷ್ಟು, ಪರದೆ ಎಷ್ಟು ಅನ್ನುವ ಪಟ್ಟಿ ಪುಟದಲ್ಲಿದೆ" ಅಂತ ಬರೆದರೆ ಸಾಕು. ಹ್ಯಾಶ್‌ಟ್ಯಾಗ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ಸೈಟನ್ನು ಪಿಂಟರೆಸ್ಟ್‌ನಲ್ಲಿ ನಿಮ್ಮದು ಅಂತ ಕ್ಲೇಮ್ ಮಾಡಿದ್ದೀರಾ? ಇಲ್ಲದಿದ್ದರೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಒಂದು ಟ್ಯಾಗ್ ಕೊಡುತ್ತಾರೆ, ಅದನ್ನು ಸೈಟಿನ ಹೆಡ್ ಭಾಗದಲ್ಲಿ ಅಂಟಿಸಬೇಕು:

```
<meta name="p:domain_verify" content="ನಿಮಗೆ ಕೊಟ್ಟ ಕೋಡ್"/>
```

ಇದಾದ ಮೇಲೆ, ಬೇರೆಯವರು ನಿಮ್ಮ ಸೈಟಿನಿಂದ ಪಿನ್ ಮಾಡಿದ ಚಿತ್ರಗಳ ಅಂಕಿಗಳೂ ನಿಮಗೆ ಕಾಣುತ್ತವೆ. ಅದರಲ್ಲಿ ಆಶ್ಚರ್ಯ ಕಾದಿರುತ್ತದೆ, ನೀವು ಗಮನಿಸದ ಯಾವುದೋ ಹಳೇ ಚಿತ್ರವೇ ಜನರನ್ನು ಕಳಿಸುತ್ತಿರಬಹುದು. ಹಾಗೇ ಕ್ಯಾಟಲಾಗ್. ನಿಮ್ಮ ಎಲ್ಲ ಸಾಮಾನಿನ ಹೆಸರು, ಬೆಲೆ, ಸ್ಟಾಕ್, ಚಿತ್ರ, ಲಿಂಕ್ ಇರುವ ಫೀಡ್ ಕೊಟ್ಟರೆ ಪಿಂಟರೆಸ್ಟ್ ತಾನೇ ಸಾಮಾನಿನ ಪಿನ್ ಮಾಡುತ್ತದೆ, ಫೀಡ್ ಬದಲಾದ ಹಾಗೆ ಬೆಲೆ, ಸ್ಟಾಕ್ ತಿದ್ದಿಕೊಳ್ಳುತ್ತದೆ. ಬಿಳಿ ಹಿನ್ನೆಲೆಯ ಫೋಟೋಗಳು ಅಲ್ಲಿ ಕೆಲಸಕ್ಕೆ ಬರುತ್ತವೆ. ಒಂದೊಂದು ಸಾಮಾನಿನ ಪಿನ್‌ಗಳನ್ನು ಕ್ಯಾಟಲಾಗ್‌ಗೆ ಬಿಟ್ಟು, ಕೈಯಾರೆ ಮಾಡುವ ಶ್ರಮವನ್ನೆಲ್ಲ ಪ್ರಶ್ನೆ ಇರುವ ಪಿನ್‌ಗಳಿಗೆ ಹಾಕಿ ಅನ್ನುವುದು ನನ್ನ ಸಲಹೆ.

ಒಂದೇ ಸಮನೆ ಜನ ಬರಬೇಕು ಅನ್ನುವುದಕ್ಕೆ ಇನ್ನೊಂದು ಮುಖ ಇದೆ, ಅದು ಕಾಲ. ಪಿನ್ ಹಾಕಿದ ದಿನ ಏನೂ ಆಗುವುದಿಲ್ಲ. ಹುಡುಕಾಟದಲ್ಲಿ ನೆಲೆ ಸಿಗಲು ವಾರಗಳು, ಕೆಲವಕ್ಕೆ ತಿಂಗಳುಗಳೇ ಬೇಕು. ಅದಕ್ಕೇ ಒಂದು ವಾರ ನೋಡಿ ಪಿನ್ ಅಳಿಸಿ ಮತ್ತೆ ಹಾಕುವುದು ತೀರಾ ಕೆಟ್ಟ ಅಭ್ಯಾಸ, ಹೊಸದಾಗಿ ಹಾಕಿದ ಪಿನ್‌ನ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಋತುವಿಗೆ ಸಂಬಂಧಪಟ್ಟದ್ದನ್ನು ಮುಂಚೆಯೇ ಹಾಕಿ. ಚಳಿಗಾಲದ ದಪ್ಪ ಪರದೆ, ಉಣ್ಣೆ ಹೊದಿಕೆ ಚಳಿ ಶುರುವಾದ ಮೇಲೆ ಹಾಕಿದರೆ ಅದು ಮೇಲೆ ಬರುವಷ್ಟರಲ್ಲಿ ಜನ ಕೊಂಡು ಮುಗಿಸಿರುತ್ತಾರೆ. ಎರಡು ಮೂರು ತಿಂಗಳು ಮೊದಲೇ ಹಾಕಿದರೆ ಸರಿ. ಆದರೆ ಇಡೀ ಬೋರ್ಡ್ ಋತುವಿನದ್ದೇ ಆದರೆ ವರ್ಷವಿಡೀ ಏರಿಳಿತ ತಪ್ಪಿದ್ದಲ್ಲ. ಅಳತೆ, ಬಣ್ಣ ಹೊಂದಿಸುವುದು, ಚಿಕ್ಕ ಕೋಣೆ, ಇವನ್ನು ಜನ ವರ್ಷಪೂರ್ತಿ ಹುಡುಕುತ್ತಾರೆ. ನಿಮ್ಮ ಪಿನ್‌ಗಳಲ್ಲಿ ಮುಕ್ಕಾಲು ಭಾಗ ಇಂಥವಿದ್ದರೆ ಕೆಳಗೆ ಬೀಳದ ಒಂದು ಮಟ್ಟ ಸಿಗುತ್ತದೆ, ಋತುವಿನ ಪಿನ್‌ಗಳು ಅದರ ಮೇಲೆ ಬಂದು ಹೋಗುತ್ತವೆ. ದಿನಕ್ಕೆ ಎಷ್ಟು ಹಾಕಬೇಕು ಅನ್ನುವುದು ದೊಡ್ಡ ವಿಷಯವೇ ಅಲ್ಲ. ವಾರಕ್ಕೆ ನಾಲ್ಕೈದು ಒಳ್ಳೆಯ ಹೊಸ ಪಿನ್, ನಿಲ್ಲಿಸದೆ, ನಿಮ್ಮಂಥ ಸಣ್ಣ ಅಂಗಡಿಗೆ ಧಾರಾಳ ಸಾಕು.

ಕೊನೆಯದಾಗಿ ಅಳೆಯುವುದು. ಸೈಟಿನ ಅನಾಲಿಟಿಕ್ಸ್‌ನಲ್ಲಿ ಪಿಂಟರೆಸ್ಟ್‌ನಿಂದ ಬಂದವರು ಒಂದೇ ಕಡೆ ಕಾಣುವುದಿಲ್ಲ. ದೇಶಕ್ಕೊಂದು ವಿಳಾಸ ಇರುವುದರಿಂದ ಬೇರೆಬೇರೆ ಸಾಲಾಗಿ ಬರುತ್ತಾರೆ, ಆ್ಯಪ್‌ನಿಂದ ಬಂದ ಕೆಲವರು ನೇರವಾಗಿ ಬಂದವರ ಲೆಕ್ಕಕ್ಕೆ ಸೇರಿಹೋಗುತ್ತಾರೆ. ಹಾಗಾಗಿ ಕೈಯಾರೆ ಮಾಡುವ ಪ್ರತಿ ಪಿನ್‌ನ ಲಿಂಕಿಗೂ ಬಾಲ ಹಚ್ಚಿ:

```
https://example.com/parade-alate?utm_source=pinterest&utm_medium=social&utm_content=eradu-nalku
```

ಕೊನೆಯ ತುಂಡು ಪಿನ್‌ನ ಹೆಸರು. "ಎರಡಾ ನಾಲ್ಕಾ" ಪಿನ್‌ನಿಂದ ಬಂದವರು ಎಷ್ಟು, ಬೆಳಕಿನ ಪಿನ್‌ನಿಂದ ಎಷ್ಟು, ಅವರಲ್ಲಿ ಎಷ್ಟು ಜನ ಇನ್ನೊಂದು ಪುಟ ತೆರೆದರು ಅಂತ ಬೇರೆ ಮಾಡಿ ನೋಡಬಹುದು.

ಈಗ ಈ ಅಂಕಿಗಳನ್ನು ಓದುವ ರೀತಿ. ಬರೀ ಉದಾಹರಣೆಗೆ, ಮೂರು ತಿಂಗಳಲ್ಲಿ ಚೆಂದದ ಕೋಣೆಯ ಪಿನ್‌ಗೆ 20,000 ಇಂಪ್ರೆಷನ್, 400 ಸೇವ್, 20 ಔಟ್‌ಬೌಂಡ್ ಅಂದುಕೊಳ್ಳಿ. ಅಳತೆಯ ಪಿನ್‌ಗೆ 6,000 ಇಂಪ್ರೆಷನ್, 90 ಸೇವ್, 60 ಔಟ್‌ಬೌಂಡ್. ಮೊದಲನೆಯದು ಸಾವಿರಕ್ಕೆ ಒಬ್ಬರನ್ನು ಕಳಿಸುತ್ತಿದೆ, ಎರಡನೆಯದು ಸಾವಿರಕ್ಕೆ ಹತ್ತು ಜನರನ್ನು. ತಿಂಗಳ ಒಟ್ಟು ನೋಟಗಳನ್ನು ಮಾತ್ರ ನೋಡುವವರು ಮೊದಲನೆಯದನ್ನೇ ಗೆದ್ದ ಪಿನ್ ಅಂತ ಅದರಂಥದ್ದನ್ನೇ ಇನ್ನೂ ಹತ್ತು ಮಾಡುತ್ತಾರೆ. ನೀವು ಮಾಡಬೇಕಾದದ್ದು ಎರಡನೆಯದರ ಹೊಸ ಚಿತ್ರಗಳು: ಅದೇ ಪ್ರಶ್ನೆ, ಬೇರೆ ಕಿಟಕಿ, ಬೇರೆ ಕೋಣೆ, ಅದೇ ಪುಟ. ಇಂಪ್ರೆಷನ್ ತೀರಾ ಕಡಿಮೆ ಇರುವ ಪಿನ್‌ನ ಲೆಕ್ಕವನ್ನು ನಂಬಬೇಡಿ. ಇನ್ನೂರು ಸಲ ಕಂಡ ಪಿನ್‌ಗೆ ಎರಡು ಕ್ಲಿಕ್ ಬಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ, ಒಂದೆರಡು ಸಾವಿರ ಆಗುವವರೆಗೆ ಕಾಯಿರಿ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಲು ಹೋಗಬೇಡಿ. ಈ ವಾರ ಹಳೇ ಲಿಂಕ್‌ಗಳ ರೀಡೈರೆಕ್ಟ್ ಮುಗಿಸಿ, ಅದರ ಫಲ ಬೇಗ ಕಾಣುತ್ತದೆ. ಆಮೇಲೆ ಪರದೆ ಅಳತೆಯ ಪುಟ, ಅದಕ್ಕೆ ನಾಲ್ಕು ಪಿನ್, ಮೂರು ಬೋರ್ಡ್. ಹಾಸು ಮತ್ತು ಕುಶನ್‌ಗೆ ಕೈಹಾಕುವುದು ಪರದೆಯ ಪಿನ್‌ಗಳಲ್ಲಿ ಯಾವ ಪ್ರಶ್ನೆಗೆ ಜನ ಒಳಗೆ ಬಂದರು ಅಂತ ತಿಳಿದ ಮೇಲೆ. ಮೂರು ತಿಂಗಳಾದರೂ ಅಳತೆಯ ಪಿನ್‌ಗಳಿಗೆ ಇಂಪ್ರೆಷನ್ ಬರದಿದ್ದರೆ ಬೋರ್ಡ್ ಹೆಸರು ಮತ್ತು ಶೀರ್ಷಿಕೆಯ ಪದಗಳನ್ನು ಮತ್ತೆ ಹುಡುಕು ಪಟ್ಟಿಯಲ್ಲಿ ಹೊಡೆದು ನೋಡಿ, ಪಿನ್ ಅಳಿಸಬೇಡಿ.